ಬಿಡಿ ಕೆಲಸವನ್ನು ತಿಂಗಳ ಒಪ್ಪಂದವಾಗಿಸುವಾಗ ಗೆರೆ ಎಲ್ಲಿ ಎಳೆಯಬೇಕು?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಒಬ್ಬನೇ ಹೋಂಸ್ಟೇ, ಶಾಲೆ, ಕ್ಲಿನಿಕ್‌ಗಳಿಗೆ ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿಕೊಡುತ್ತೇನೆ. ಒಂದಕ್ಕೆ 40–45 ಸಾವಿರ ಸಿಗುತ್ತದೆ. ಕೊಟ್ಟು ಎರಡು ವರ್ಷವಾದರೂ "ಈ ಫೋಟೋ ಬದಲಿಸಿ, ಆ ದರ ತಿದ್ದಿ" ಎಂದು ವಾಟ್ಸಾಪ್ ಬರುತ್ತಲೇ ಇರುತ್ತದೆ. ದುಡ್ಡು ಕೇಳಲು ಸಂಕೋಚ. ತಿಂಗಳಿಗೆ ಇಷ್ಟು ಎಂದು ಮಾತಾಡಿಕೊಂಡರೆ ದಿನವಿಡೀ ಅವರ ಕೆಲಸವೇ ಆಗಿಬಿಡುತ್ತದೆ ಎಂಬ ಹೆದರಿಕೆಯೂ ಇದೆ. ಎಷ್ಟು ಕೇಳಬೇಕು, ಎಲ್ಲಿ ನಿಲ್ಲಿಸಬೇಕು?

ಉತ್ತರ: ದರದ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ನಿಮ್ಮ ವಾಟ್ಸಾಪ್ ತೆರೆದು ಒಬ್ಬ ಗ್ರಾಹಕರು ಕಳೆದ ಆರು ತಿಂಗಳಲ್ಲಿ ಕೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಯಾವ ದಿನ ಕೇಳಿದರು, ಏನು ಕೇಳಿದರು, ಅದಕ್ಕೆ ನಿಮಗೆ ಎಷ್ಟು ಹೊತ್ತು ಹಿಡಿಯಿತು ಎಂಬ ಮೂರು ವಿವರ ಸಾಕು. ಮಿತಿಯನ್ನು ಊಹೆಯಿಂದ ಹಾಕಿದವರು ಒಂದೋ ಭಯಪಟ್ಟು ತೀರ ಬಿಗಿಯಾಗಿ ಹಾಕುತ್ತಾರೆ, ಇಲ್ಲವೇ ಗ್ರಾಹಕರನ್ನು ಮೆಚ್ಚಿಸಲು ತೀರ ಸಡಿಲವಾಗಿ ಹಾಕುತ್ತಾರೆ. ನಿಜವಾದ ಅಳತೆ ನಿಮ್ಮ ಫೋನಿನಲ್ಲಿಯೇ ಇದೆ.

ನಾನು ಮೈಸೂರಿನಲ್ಲಿ ಇದೇ ಕೆಲಸ ಮಾಡುತ್ತಾ ಮೊದಲು ಲೆಕ್ಕ ಬರೆದದ್ದು ಸಕಲೇಶಪುರದ ಕಡೆಯ ಒಂದು ಹೋಂಸ್ಟೇಯದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅವರು ಒಟ್ಟು 23 ಕೆಲಸ ಹೇಳಿದ್ದರು: ಮೇಯಲ್ಲಿ 5, ಜೂನ್‌ನಲ್ಲಿ 2, ಜುಲೈಯಲ್ಲಿ 1, ಆಗಸ್ಟ್‌ನಲ್ಲಿ 2, ಸೆಪ್ಟೆಂಬರ್‌ನಲ್ಲಿ 4, ದಸರಾ ಬಂದ ಅಕ್ಟೋಬರ್‌ನಲ್ಲಿ 9. ಅವುಗಳಲ್ಲಿ 19 ಚಿಕ್ಕ ತಿದ್ದುಪಡಿಗಳು, ಅಂದರೆ ಕೋಣೆಯ ದರ, ಫೋಟೋ, ಹಬ್ಬದ ರಿಯಾಯಿತಿಯ ಬ್ಯಾನರ್. ಇವೆಲ್ಲ ಸೇರಿ ಸುಮಾರು 11 ಗಂಟೆ ಹಿಡಿದಿದ್ದವು. ವಿಚಾರಣೆ ಫಾರ್ಮ್ ಕೆಟ್ಟದ್ದು ಎರಡು ಸಲ, ಅದಕ್ಕೆ 2 ಗಂಟೆ. ಉಳಿದ ಎರಡು, "ಟ್ರೆಕ್ಕಿಂಗ್‌ಗೆ ಒಂದು ಪೇಜ್ ಹಾಕಿಬಿಡಿ", "ಕಾಫಿ ತೋಟದ ಸುತ್ತಾಟಕ್ಕೂ ಒಂದು ಇರಲಿ" ಎಂದು ಹೇಳಿಸಿಕೊಂಡ ಹೊಸ ಪುಟಗಳು. ಈ ಎರಡೇ 10 ಗಂಟೆ ತಿಂದಿದ್ದವು.

ಈ ಹಾಳೆಯನ್ನು ನೋಡಿದ ದಿನ ನನ್ನ ಯೋಚನೆ ಬದಲಾಯಿತು. ನನ್ನನ್ನು ಸುಸ್ತು ಮಾಡುತ್ತಿರುವುದು ದಿನಬೆಳಗಾದರೆ ಬರುವ ಚಿಕ್ಕಪುಟ್ಟ ಸಂದೇಶಗಳು ಎಂದು ನಾನು ತಿಳಿದಿದ್ದೆ. ಆದರೆ ಸಮಯದ ಹತ್ತಿರ ಹತ್ತಿರ ಅರ್ಧದಷ್ಟನ್ನು ನುಂಗಿದ್ದು ಚಿಕ್ಕ ಕೆಲಸದ ವೇಷದಲ್ಲಿ ಬಂದ ಎರಡು ಹೊಸ ಕೆಲಸಗಳು. ಆದ್ದರಿಂದ ಮೊದಲ ಗೆರೆಯನ್ನು ಕೆಲಸದ ಬಗೆಯ ಮೇಲೆ ಎಳೆಯಬೇಕು. ಸಂಖ್ಯೆಯ ಮಿತಿ ಅದರ ನಂತರದ್ದು. ಇದನ್ನು ತಲೆಕೆಳಗು ಮಾಡಿ "ತಿಂಗಳಿಗೆ ನಾಲ್ಕು ಕೆಲಸ" ಎಂದು ಮಾತ್ರ ಬರೆದರೆ, ನಾಲ್ಕೂ ಹೊಸ ಪುಟಗಳೇ ಆಗಿ ಬರುವುದನ್ನು ತಡೆಯಲು ನಿಮ್ಮಲ್ಲಿ ಯಾವ ಆಧಾರವೂ ಇರುವುದಿಲ್ಲ.

ಒಪ್ಪಂದದಲ್ಲಿ ನಾನು ಬರೆಯುವ ವಾಕ್ಯ ಹೀಗಿದೆ: "ಈಗಾಗಲೇ ಇರುವ ಒಂದು ಪುಟದಲ್ಲಿ, ಒಂದು ವಿಷಯಕ್ಕೆ ಸಂಬಂಧಿಸಿದ, ಪಠ್ಯ ಮತ್ತು ಚಿತ್ರಗಳನ್ನು ಗ್ರಾಹಕರೇ ಕೊಟ್ಟ, 45 ನಿಮಿಷದೊಳಗೆ ಮುಗಿಯುವ ಬದಲಾವಣೆಯನ್ನು ಒಂದು ಬೇಡಿಕೆ ಎಂದು ಎಣಿಸಲಾಗುವುದು." ಇದರ ಕೆಳಗೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ನಾಲ್ಕು ಕೋಣೆಗಳ ದರವನ್ನು ಒಟ್ಟಿಗೆ ಬದಲಿಸುವುದು ಒಂದೇ ಬೇಡಿಕೆ; ಹೊಸ ಪುಟ ಬೇಡಿಕೆಯಲ್ಲ, ಅದಕ್ಕೆ ಬೇರೆ ಅಂದಾಜುಪಟ್ಟಿ. ಕನ್ನಡದ ಸೈಟಿಗೆ ಇಂಗ್ಲಿಷ್ ಆವೃತ್ತಿ, ಮುಂಗಡ ಹಣ ಕಟ್ಟುವ ಕೊಂಡಿ, ಬರಹವನ್ನೇ ಬರೆದುಕೊಡುವುದು, ಜಾಹೀರಾತಿನ ಖರ್ಚು, ಡೊಮೇನ್ ಮತ್ತು ಹೋಸ್ಟಿಂಗ್ ಶುಲ್ಕ ಇವೆಲ್ಲ ಹೊರಗೆ ಎಂದು ಹೆಸರಿಸಿಯೇ ಬರೆಯುತ್ತೇನೆ. ಹೆಸರಿಸದೆ ಬಿಟ್ಟದ್ದು ಒಳಗಿದೆ ಎಂದು ಗ್ರಾಹಕರು ತಿಳಿದರೆ ಅದು ಅವರ ತಪ್ಪಲ್ಲ.

ಗಂಟೆಗಳ ಲೆಕ್ಕದಲ್ಲಿ ಮಿತಿ ಹಾಕಬಾರದೇಕೆ ಎಂದು ಕೇಳಬಹುದು. ಹೋಂಸ್ಟೇ ನಡೆಸುವವರಿಗೆ ನಿಮ್ಮ ಗಂಟೆ ಕಾಣುವುದಿಲ್ಲ. "ಒಂದು ಫೋಟೋ ಬದಲಿಸಲು ಅರ್ಧ ಗಂಟೆಯೇ?" ಎಂಬ ಪ್ರಶ್ನೆ ಬಂದಾಗ ನೀವು ವಾದಕ್ಕೆ ಇಳಿಯಬೇಕಾಗುತ್ತದೆ, ಮತ್ತು ಚುರುಕಾಗಿ ಕೆಲಸ ಮಾಡಿದಷ್ಟೂ ನಿಮಗೇ ನಷ್ಟವಾಗುತ್ತದೆ. ಬೇಡಿಕೆಯ ಎಣಿಕೆ ಇಬ್ಬರ ಕಣ್ಣಿಗೂ ಒಂದೇ ರೀತಿ ಕಾಣುತ್ತದೆ. ಗಂಟೆಯ ಲೆಕ್ಕವನ್ನು ನಿಮ್ಮ ಹಾಳೆಯಲ್ಲಿ ಇಟ್ಟುಕೊಳ್ಳಿ. ಅದು ದರ ನಿಗದಿಗೆ ಬೇಕು.

ಈಗ ದರಕ್ಕೆ ಬರೋಣ. ಬಾಡಿಗೆ, ಇಂಟರ್‌ನೆಟ್, ಸಾಫ್ಟ್‌ವೇರ್, ಮನೆ ಖರ್ಚು ಎಲ್ಲ ಸೇರಿ ನಿಮಗೆ ತಿಂಗಳಿಗೆ 60,000 ರೂಪಾಯಿ ಬೇಕು ಎಂದುಕೊಳ್ಳಿ. ಒಬ್ಬರೇ ಕೆಲಸ ಮಾಡುವವರಿಗೆ ಗ್ರಾಹಕರನ್ನು ಹುಡುಕುವುದು, ಮಾತುಕತೆ, ಲೆಕ್ಕಪತ್ರ ಕಳೆದು ಹಣ ಹುಟ್ಟುವ ಸಮಯ ತಿಂಗಳಿಗೆ 100 ಗಂಟೆ ಸಿಕ್ಕರೆ ಹೆಚ್ಚು. ಹಾಗಾದರೆ ನಿಮ್ಮ ಒಂದು ಗಂಟೆಯ ಕನಿಷ್ಠ ಬೆಲೆ 600 ರೂಪಾಯಿ. ಮೇಲಿನ ಹೋಂಸ್ಟೇಗೆ ಚಿಕ್ಕ ತಿದ್ದುಪಡಿಗಳು ತಿಂಗಳಿಗೆ ಸರಾಸರಿ ಮೂರು ಬಿದ್ದಿದ್ದವು, ನಾನು ಮಿತಿಯನ್ನು ನಾಲ್ಕಕ್ಕೆ ಇಟ್ಟೆ. ಪೂರ್ತಿ ಬಳಸಿದರೂ ಅದು 3 ಗಂಟೆ. ಯಾರೂ ಕೇಳದಿದ್ದರೂ ಮಾಡಲೇಬೇಕಾದ ಕೆಲಸ 2 ಗಂಟೆ: ವಾರಕ್ಕೊಮ್ಮೆ ಬ್ಯಾಕಪ್ ತೆಗೆದುಕೊಂಡು ವರ್ಡ್‌ಪ್ರೆಸ್ ಮತ್ತು ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡುವುದು, ಆ ಬ್ಯಾಕಪ್‌ನ ಒಂದು ಪ್ರತಿಯನ್ನು ಹೋಸ್ಟಿಂಗ್ ಸರ್ವರ್‌ನ ಹೊರಗೆ ಇಡುವುದು, ವಿಚಾರಣೆ ಫಾರ್ಮ್‌ಗೆ ನಾವೇ ಒಂದು ಸಂದೇಶ ಕಳಿಸಿ ಅದು ತಲುಪಿತೇ ನೋಡುವುದು, ಡೊಮೇನ್ ಮತ್ತು ಎಸ್‌ಎಸ್‌ಎಲ್ ಅವಧಿಯ ಮೇಲೆ ಕಣ್ಣಿಡುವುದು. ಮಾತುಕತೆ ಮತ್ತು ತಿಂಗಳ ವರದಿಗೆ ಇನ್ನೊಂದು ಗಂಟೆ. ಒಟ್ಟು 6 ಗಂಟೆ, 3,600 ರೂಪಾಯಿ. ಅನಿರೀಕ್ಷಿತ ತೊಂದರೆಗಳಿಗೆ ಶೇ. 20 ಸೇರಿಸಿದರೆ 4,320. ಅದನ್ನು 4,500 ಎಂದು ಮಾಡಿಕೊಂಡೆ.

ಬದಲಾವಣೆಗಳು ಅಪರೂಪವಾಗಿರುವ ಕ್ಲಿನಿಕ್‌ನಂಥವರಿಗೆ ಇದು ಭಾರವಾಗುತ್ತದೆ. ಅವರಿಗೆ ಬರೀ ನಿರ್ವಹಣೆಯ ಕಟ್ಟೊಂದನ್ನು ಇಡಿ: 2 ಗಂಟೆಯ ನಿತ್ಯದ ಕೆಲಸ, ಅರ್ಧ ಗಂಟೆಯ ಮಾತುಕತೆ, ಅಂದರೆ 1,500 ರೂಪಾಯಿ, ಶೇ. 20 ಸೇರಿ 1,800. ಎರಡು ಕಟ್ಟುಗಳು ಸಾಕು. ಮೂರು ನಾಲ್ಕು ಮಾಡಿದರೆ ಗ್ರಾಹಕರು ಆಯ್ಕೆಯಲ್ಲಿ ಗೊಂದಲಗೊಳ್ಳುತ್ತಾರೆ, ಮತ್ತು ಯಾರಿಗೆ ಯಾವ ಮಿತಿ ಎಂದು ನೆನಪಿಡುವುದು ನಿಮಗೂ ಕಷ್ಟವಾಗುತ್ತದೆ. ಮಿತಿ ಮೀರಿದ ಪ್ರತಿ ಬೇಡಿಕೆಗೆ ನಾನು 900 ರೂಪಾಯಿ ಇಟ್ಟಿದ್ದೇನೆ. ಎರಡು ಕಟ್ಟುಗಳ ನಡುವಿನ 2,700 ರೂಪಾಯಿಯನ್ನು ನಾಲ್ಕು ಬೇಡಿಕೆಗಳಿಗೆ ಹಂಚಿದರೆ ಒಂದಕ್ಕೆ 675 ಬೀಳುತ್ತದೆ. ಹೆಚ್ಚುವರಿಯ ದರ ಇದಕ್ಕಿಂತ ಮೇಲಿರಬೇಕು, ಇಲ್ಲವಾದರೆ ಒಪ್ಪಂದ ಮಾಡಿಕೊಂಡವರಿಗೂ ಮಾಡಿಕೊಳ್ಳದವರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಇಂಥ ತಿಂಗಳ ಒಪ್ಪಂದವನ್ನು ರಿಟೇನರ್ ಎಂದು ಕರೆದರೆ ನಮ್ಮ ಊರುಗಳ ಗ್ರಾಹಕರಿಗೆ ಏನೂ ಹೊಳೆಯುವುದಿಲ್ಲ. ಎಎಂಸಿ ಎಂದರೆ ತಕ್ಷಣ ಅರ್ಥವಾಗುತ್ತದೆ, ಏಕೆಂದರೆ ಯುಪಿಎಸ್‌ಗೂ ನೀರಿನ ಫಿಲ್ಟರ್‌ಗೂ ಅವರು ಅದನ್ನು ಕಟ್ಟುತ್ತಿರುತ್ತಾರೆ. ಆ ಪದವನ್ನು ಬಳಸಿ, ಆದರೆ ಅದರ ಜೊತೆಗೆ ಬರುವ ಒಂದು ನಿರೀಕ್ಷೆಯನ್ನು ಮೊದಲ ಮಾತಿನಲ್ಲೇ ಸರಿಪಡಿಸಿ. ಎಎಂಸಿ ಕಟ್ಟಿದ ಮೇಲೆ ಏನು ಕೆಟ್ಟರೂ ಬಂದು ಸರಿಮಾಡುತ್ತಾರೆ ಎಂಬುದು ಜನರ ತಿಳಿವಳಿಕೆ. ನಾನು ಆರಂಭದಲ್ಲಿ ಒಂದು ಶಿಕ್ಷಣ ಸಂಸ್ಥೆಗೆ ತಿಂಗಳಿಗೆ 3,000 ರೂಪಾಯಿಗೆ "ಸಂಪೂರ್ಣ ಬೆಂಬಲ" ಎಂದು ಬರೆದುಕೊಟ್ಟಿದ್ದೆ. ಪ್ರವೇಶಾತಿಯ ಒಂದೇ ತಿಂಗಳಲ್ಲಿ 41 ಸಂದೇಶಗಳು ಬಂದವು, ಅವುಗಳಲ್ಲಿ ಕಚೇರಿಯ ಪ್ರಿಂಟರ್‌ನ ದೂರೂ ಸೇರಿತ್ತು. ಅವರ ಮೇಲೆ ನನಗೆ ಸಿಟ್ಟು ಬಂದಿತ್ತು, ಆದರೆ "ಸಂಪೂರ್ಣ" ಎಂಬ ಪದವನ್ನು ಬರೆದವನು ನಾನೇ. ಆ ಒಪ್ಪಂದವನ್ನು ನಡುವೆ ತಿದ್ದಲು ಹೋಗಿ ಆ ಗ್ರಾಹಕರನ್ನು ಕಳೆದುಕೊಂಡೆ.

ಬರೆದ ಮಿತಿ ದಿನನಿತ್ಯದ ವ್ಯವಹಾರದಲ್ಲಿ ಗ್ರಾಹಕರಿಗೆ ಕಾಣುತ್ತಿರಬೇಕು, ಇಲ್ಲವಾದರೆ ಅದು ಕಾಗದದಲ್ಲೇ ಉಳಿಯುತ್ತದೆ. ಒಪ್ಪಂದದ ಗ್ರಾಹಕರಿಗೆಂದೇ ಬೇರೆ ವಾಟ್ಸಾಪ್ ಸಂಖ್ಯೆ ಇಡಿ. ಬೇಡಿಕೆ ಬಂದ ಕೂಡಲೇ ಅದನ್ನು ಹಾಳೆಯಲ್ಲಿ ಬರೆದು, "ಸರ್, ದರ ಬದಲಾವಣೆ ಬರೆದುಕೊಂಡಿದ್ದೇನೆ. ಇದು ಈ ತಿಂಗಳ 4ರಲ್ಲಿ 3ನೆಯದು. ಗುರುವಾರ ಸಂಜೆಯೊಳಗೆ ಆಗುತ್ತದೆ" ಎಂದು ಉತ್ತರಿಸಿ. ಮೊದಲ ಬೇಡಿಕೆಯಿಂದಲೇ ಹೀಗೆ ಎಣಿಸುತ್ತ ಬಂದರೆ ನಾಲ್ಕು ಮುಗಿದ ಸಂಗತಿ ಯಾರಿಗೂ ಅನಿರೀಕ್ಷಿತವಾಗುವುದಿಲ್ಲ. ಫೋನಿನಲ್ಲಿ ಹೇಳಿದ್ದನ್ನು ನೀವೇ ಬರೆದು ಕಳಿಸಿ, ಅವರು "ಸರಿ" ಎಂದ ಮೇಲಷ್ಟೇ ಎಣಿಕೆಗೆ ಸೇರಿಸಿ. ಐದನೆಯದು ಬಂದಾಗ ಇಲ್ಲ ಎನ್ನಬೇಡಿ, ಸುಮ್ಮನೆ ಮಾಡಿಯೂ ಕೊಡಬೇಡಿ: "ಈ ತಿಂಗಳ ನಾಲ್ಕೂ ಮುಗಿದಿವೆ ಸರ್. ಮುಂದಿನ ತಿಂಗಳ ಒಂದನೇ ತಾರೀಖಿನಂದು ಎಲ್ಲಕ್ಕಿಂತ ಮೊದಲು ಇದನ್ನೇ ಕೈಗೆತ್ತಿಕೊಳ್ಳಲೇ, ಅಥವಾ 900 ರೂಪಾಯಿಗೆ ಈ ವಾರವೇ ಮಾಡಲೇ?" ಎಂದು ಕೇಳಿ. ನನ್ನ ಅನುಭವದಲ್ಲಿ ಹೆಚ್ಚಿನವರು ಮುಂದಿನ ತಿಂಗಳಿಗೆ ಬಿಡುತ್ತಾರೆ, ಏಕೆಂದರೆ ಅದು ಅಷ್ಟು ತುರ್ತಿನದಾಗಿರುವುದಿಲ್ಲ. ಒಮ್ಮೆ ಮಾತ್ರ, ಅದೂ ಮೊದಲ ಸಲ, ಐದನೆಯದನ್ನು ಉಚಿತವಾಗಿ ಮಾಡಬಹುದು. ಹಾಗೆ ಮಾಡಿದಾಗ ತಿಂಗಳ ವರದಿಯಲ್ಲಿ "ಹೆಚ್ಚುವರಿ 1, ಶುಲ್ಕ 900, ಈ ಸಲ ಬಿಟ್ಟಿದ್ದೇನೆ" ಎಂದು ಬರೆಯಲೇಬೇಕು.

ಸೈಟ್ ತೆರೆಯದಿರುವುದು, ಫಾರ್ಮ್ ಕೆಡುವುದು ಇಂಥ ದೋಷಗಳನ್ನು ಬೇಡಿಕೆಯೆಂದು ಎಣಿಸಬೇಡಿ. ಸೈಟನ್ನು ಚಾಲ್ತಿಯಲ್ಲಿಡುವುದೇ ನಿರ್ವಹಣೆಯ ಅರ್ಥ. ಆದರೆ ಇಲ್ಲಿ ಮಾತು ಕೊಡುವಾಗ ಎಚ್ಚರ ಬೇಕು. ಬೆಳಿಗ್ಗೆ 9ರಿಂದ ರಾತ್ರಿ 8ರೊಳಗೆ ತಿಳಿಸಿದರೆ 4 ಗಂಟೆಯಲ್ಲಿ ನೋಡಲು ಶುರುಮಾಡುತ್ತೇನೆ ಎಂದು ಬರೆಯಿರಿ. ಇಷ್ಟು ಹೊತ್ತಿನಲ್ಲಿ ಸರಿಮಾಡುತ್ತೇನೆ ಎಂದು ಬರೆಯಬೇಡಿ. ಹೋಸ್ಟಿಂಗ್ ಕಂಪನಿಯ ಸರ್ವರ್ ಬಿದ್ದಿದ್ದರೆ ಅದನ್ನು ಎಬ್ಬಿಸುವುದು ನಿಮ್ಮ ಕೈಯಲ್ಲಿಲ್ಲ.

ಹೆಚ್ಚಿನವರು ಎಡವುವುದು ಬಳಸದೆ ಉಳಿದ ಬೇಡಿಕೆಗಳ ವಿಷಯದಲ್ಲಿ. "ಈ ತಿಂಗಳು ಒಂದೇ ಕೇಳಿದ್ದೇನೆ, ಉಳಿದ ಮೂರು ಮುಂದಕ್ಕೆ ಇರಲಿ" ಎಂಬುದು ನ್ಯಾಯವಾಗಿಯೇ ಕೇಳಿಸುತ್ತದೆ. ಆ ಹೋಂಸ್ಟೇಯ ಅಂಕಿಗಳನ್ನೇ ನೋಡಿ: ಮಳೆಗಾಲದ ಜೂನ್, ಜುಲೈ, ಆಗಸ್ಟ್‌ನಲ್ಲಿ ಅವರು ಬಳಸಿದ್ದು ಐದು, ಉಳಿದದ್ದು ಏಳು. ಅದನ್ನು ಕೂಡಿಡಲು ಬಿಟ್ಟಿದ್ದರೆ ಅಕ್ಟೋಬರ್‌ನಲ್ಲಿ ಅವರಿಗೆ 11 ಬೇಡಿಕೆಗಳ ಹಕ್ಕು ಇರುತ್ತಿತ್ತು. ನಿಮ್ಮಲ್ಲಿ ಅಂಥ ಐದು ಹೋಂಸ್ಟೇಗಳಿದ್ದರೆ ದಸರಾ ತಿಂಗಳಲ್ಲಿ 55 ಬೇಡಿಕೆ, 40 ಗಂಟೆಗೂ ಹೆಚ್ಚಿನ ಕೆಲಸ, ಅದೂ ಎಲ್ಲರಿಗೂ ಒಂದೇ ವಾರದಲ್ಲಿ ಬೇಕು. ಒಬ್ಬೊಬ್ಬರನ್ನೇ ನೋಡಿದಾಗ ಸಣ್ಣದಾಗಿ ಕಾಣುವ ಉದಾರತೆ, ಒಂದೇ ಬಗೆಯ ಗ್ರಾಹಕರು ಸೇರಿದಾಗ ನಿಮ್ಮನ್ನು ಮುಳುಗಿಸುತ್ತದೆ. ಆದ್ದರಿಂದ ಹಿಂದಿನ ಒಂದೇ ತಿಂಗಳಿನಿಂದ, ಹೆಚ್ಚೆಂದರೆ ಎರಡು ಬೇಡಿಕೆ ಮಾತ್ರ ಮುಂದಕ್ಕೆ ಬರುತ್ತವೆ ಎಂದು ನಾನು ಬರೆಯುತ್ತೇನೆ. ಜೊತೆಗೆ ಒಂದು ಸಮಯಕ್ಕೆ ಒಂದೇ ಬೇಡಿಕೆ, ಪ್ರತಿಯೊಂದಕ್ಕೂ ಎರಡು ಕೆಲಸದ ದಿನ ಎಂಬ ಸರತಿಯ ನಿಯಮವೂ ಇದೆ. ದಸರಾಕ್ಕೆ ಮತ್ತು ಡಿಸೆಂಬರ್ ಕೊನೆಯ ವಾರಕ್ಕೆ ಬೇಕಾದ ಬದಲಾವಣೆಗಳನ್ನು 15 ದಿನ ಮೊದಲೇ ಕಳಿಸಿ ಎಂದು ನಾವೇ ಎಲ್ಲ ಹೋಂಸ್ಟೇಗಳಿಗೂ ನೆನಪಿಸುತ್ತೇವೆ. ಹೊಸ ಗ್ರಾಹಕರನ್ನು ಆರಿಸುವಾಗಲೂ ಇದನ್ನು ನೋಡುತ್ತೇನೆ: ಶಾಲೆಗಳ ಒತ್ತಡ ಪ್ರವೇಶಾತಿಯ ಸಮಯದಲ್ಲಿ, ಕ್ಲಿನಿಕ್‌ಗಳದು ವರ್ಷವಿಡೀ ಸಮವಾಗಿ. ಮೂರೂ ಬಗೆಯ ಗ್ರಾಹಕರು ನಿಮ್ಮಲ್ಲಿರುವುದು ನಿಜಕ್ಕೂ ಒಳ್ಳೆಯದಾಯಿತು.

ಒಪ್ಪಂದ ಸರಿಯಾಗಿದೆಯೇ ಎಂದು ತಿಳಿಯಲು ತಿಂಗಳ ಕೊನೆಗೆ ಶುಲ್ಕವನ್ನು ನಿಜವಾಗಿ ಹಿಡಿದ ಗಂಟೆಗಳಿಂದ ಭಾಗಿಸಿ. 4,500ನ್ನು 6ರಿಂದ ಭಾಗಿಸಿದರೆ 750. ಅದು ಸತತ ಎರಡು ತಿಂಗಳು 600ಕ್ಕಿಂತ ಕೆಳಗಿಳಿದರೆ, ಯಾವುದೋ ಹೊಸ ಕೆಲಸ ಬೇಡಿಕೆಯ ಹೆಸರಿನಲ್ಲಿ ನುಸುಳುತ್ತಿದೆ, ಇಲ್ಲವೇ ಮಾತುಕತೆಯೇ ಅತಿಯಾಗಿದೆ ಎಂದು ಅರ್ಥ. ಹಾಳೆ ನೋಡಿದರೆ ಯಾವುದೆಂದು ತಿಳಿಯುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಮೂರು ತಿಂಗಳಿಂದ ಏನೂ ಕೇಳದ ಗ್ರಾಹಕರನ್ನು ಕಂಡು ಸುಲಭದ ಹಣವೆಂದು ಸಂತೋಷಪಡಬೇಡಿ. ನಾಲ್ಕನೆಯ ತಿಂಗಳು ಅವರು ನಿಲ್ಲಿಸುತ್ತಾರೆ, ಮತ್ತು ಸುಮ್ಮನೆ ದುಡ್ಡು ಕೊಟ್ಟೆ ಎಂಬ ಭಾವನೆಯೊಂದಿಗೆ ಹೋಗುತ್ತಾರೆ. ಅಂಥವರಿಗೆ 1,800ರ ಕಟ್ಟಿಗೆ ಇಳಿಯಿರಿ ಎಂದು ನೀವೇ ಹೇಳಿ. ಕೇಳದೆ ನಡೆಯುವ ಕೆಲಸ ಅವರಿಗೆ ಕಾಣುವಂತೆ ಪ್ರತಿ ತಿಂಗಳು ಐದಾರು ಸಾಲಿನ ವರದಿ ಕಳಿಸಿ: ಯಾವ ದಿನ ಬ್ಯಾಕಪ್ ಆಯಿತು, ಏನು ಅಪ್‌ಡೇಟ್ ಆಯಿತು, ಫಾರ್ಮ್ ಪರೀಕ್ಷೆ ಯಾವಾಗ ಮಾಡಿದಿರಿ, ಎಷ್ಟು ಬೇಡಿಕೆ ಮುಗಿದವು.

ಹಣವನ್ನು ತಿಂಗಳ ಮೊದಲ ಐದು ದಿನಗಳಲ್ಲಿ ಮುಂಗಡವಾಗಿಯೇ ತೆಗೆದುಕೊಳ್ಳಿ. ಪಾವತಿ ಸೇವೆಯೊಂದರ ಮೂಲಕ ಯುಪಿಐ ಆಟೋಪೇ ವ್ಯವಸ್ಥೆ ಮಾಡಿಕೊಂಡರೆ, ಗ್ರಾಹಕರು ಒಮ್ಮೆ ಅನುಮತಿ ಕೊಟ್ಟ ಮೇಲೆ 15,000 ರೂಪಾಯಿವರೆಗಿನ ಮೊತ್ತ ಪ್ರತಿ ಸಲ ಪಿನ್ ಒತ್ತದೆಯೇ ಬರುತ್ತದೆ. ನಿಮ್ಮ ಸಂಕೋಚದ ಬಹುಭಾಗ ಅಲ್ಲಿಗೇ ತೀರುತ್ತದೆ. ಹತ್ತನೇ ತಾರೀಖಾದರೂ ಬರದಿದ್ದರೆ ಹೊಸ ಬೇಡಿಕೆಗಳನ್ನು ನಿಲ್ಲಿಸಿ, ಬ್ಯಾಕಪ್ ಮಾತ್ರ 30 ದಿನ ಮುಂದುವರಿಸಿ. ಬಾಕಿಗಾಗಿ ಸೈಟನ್ನು ಮುಚ್ಚುವುದನ್ನು, ಡೊಮೇನ್ ಹಿಡಿದಿಟ್ಟುಕೊಳ್ಳುವುದನ್ನು ಎಂದೂ ಮಾಡಬೇಡಿ. ಡೊಮೇನ್ ಮೊದಲ ದಿನದಿಂದಲೇ ಗ್ರಾಹಕರ ಹೆಸರಿನಲ್ಲಿ, ಅವರ ಇಮೇಲ್‌ನಲ್ಲಿ ಇರಬೇಕು. ಇಬ್ಬರಲ್ಲಿ ಯಾರು ಬೇಕಾದರೂ 30 ದಿನದ ಸೂಚನೆ ಕೊಟ್ಟು ಹೊರಬರಬಹುದು, ಹೊರಡುವಾಗ ಪಾಸ್‌ವರ್ಡ್‌ಗಳೂ ಕೊನೆಯ ಬ್ಯಾಕಪ್ಪೂ ಅವರ ಕೈಸೇರುತ್ತವೆ ಎಂದು ಬರೆದಿರಿ. ಬಿಟ್ಟುಹೋಗುವ ದಾರಿ ಸಲೀಸಾಗಿದ್ದಾಗ ಒಪ್ಪಂದಕ್ಕೆ ಸೇರಲು ಜನ ಹಿಂಜರಿಯುವುದಿಲ್ಲ.

ತೆರಿಗೆಯ ವಿಷಯ ಚುಟುಕಾಗಿ ಹೇಳುತ್ತೇನೆ. ನಿಮ್ಮ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ನಿಮ್ಮಂಥ ಸೇವೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸುವಂತಿಲ್ಲ. ಶಾಲೆ ನಡೆಸುವ ಟ್ರಸ್ಟ್, ಕಂಪನಿ ರೂಪದ ಆಸ್ಪತ್ರೆಗಳು ವೃತ್ತಿಪರ ಶುಲ್ಕ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಟಿಡಿಎಸ್ ಕಡಿಯಬೇಕಾಗುತ್ತದೆ. 4,500ರ ಒಪ್ಪಂದ ವರ್ಷಕ್ಕೆ 54,000 ಆಗುವುದರಿಂದ ಆ ಗೆರೆಯನ್ನು ತಾನೇ ದಾಟುತ್ತದೆ. ಅದನ್ನು ಮೊದಲೇ ತಿಳಿದಿದ್ದರೆ ಕೈಗೆ ಕಡಿಮೆ ಬಂತೆಂದು ಗಾಬರಿಯಾಗುವುದಿಲ್ಲ. ಕಡಿದದ್ದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ನೋಡಿಕೊಂಡರಾಯಿತು.

ಇನ್ನು ಗ್ರಾಹಕರ ಮುಂದೆ ಇದನ್ನು ಇಡುವ ಬಗೆ. ಹೊಸಬರಿಗೆ ವೆಬ್‌ಸೈಟ್‌ನ ಅಂದಾಜುಪಟ್ಟಿಯಲ್ಲಿಯೇ ಇದು ಕೊನೆಯ ಸಾಲಾಗಿ ಇರಲಿ: ಹಸ್ತಾಂತರದ ನಂತರ 30 ದಿನ ದೋಷಗಳನ್ನು ಉಚಿತವಾಗಿ ಸರಿಪಡಿಸಲಾಗುವುದು, ಬಳಿಕ ಈ ಎರಡು ಕಟ್ಟುಗಳಲ್ಲಿ ಒಂದು, ಅಥವಾ ಬಿಡಿಬಿಡಿಯಾಗಿ ಪ್ರತಿ ಬದಲಾವಣೆಗೆ 900. ನಾವು ಹೇಳಿದ್ದು ನಡೆಯದಿದ್ದರೆ ದೋಷ, ಅವರ ಮನಸ್ಸು ಅಥವಾ ವ್ಯಾಪಾರ ಬದಲಾಗಿದ್ದರೆ ಬದಲಾವಣೆ ಎಂಬ ವ್ಯತ್ಯಾಸವನ್ನೂ ಅಲ್ಲೇ ಬರೆಯಿರಿ. ಹಳಬರ ಹತ್ತಿರ ಮಾತು ಕಷ್ಟ, ಏಕೆಂದರೆ ಎರಡು ವರ್ಷ ಉಚಿತವಾಗಿದ್ದದ್ದಕ್ಕೆ ಈಗ ಬೆಲೆ ಹೇಳುತ್ತಿದ್ದೀರಿ. ಅಲ್ಲಿ ನಿಮ್ಮ ಆರು ತಿಂಗಳ ಹಾಳೆ ಕೈಹಿಡಿಯುತ್ತದೆ. "ಮೇಡಂ, ಮೇಯಿಂದ ಇಲ್ಲಿಯವರೆಗೆ ಮಾಡಿದ ಕೆಲಸಗಳ ಪಟ್ಟಿ ಇದು. ಇದಕ್ಕೆ ಏನೂ ಕೊಡಬೇಕಿಲ್ಲ. ಮುಂದಿನ ಒಂದನೇ ತಾರೀಖಿನಿಂದ ಈ ರೀತಿ ಮಾಡಿಕೊಳ್ಳೋಣ" ಎಂದು ಪಟ್ಟಿಯನ್ನು ಮುಂದಿಡಿ. "ಕೆಲಸ ಇದ್ದಾಗ ಕೊಡ್ತೀನಿ, ತಿಂಗಳು ತಿಂಗಳು ಯಾಕೆ?" ಎಂದು ಆ ಹೋಂಸ್ಟೇಯವರೂ ಕೇಳಿದ್ದರು. ಅದೂ ಆಗುತ್ತದೆ, ಒಂದಕ್ಕೆ 900, ಒಪ್ಪಂದದವರ ಕೆಲಸ ಮುಗಿದ ಮೇಲೆ ನಿಮ್ಮ ಸರತಿ ಎಂದೆ. ಎರಡು ತಿಂಗಳು ಹಾಗೆಯೇ ನಡೆಸಿದರು. ಡಿಸೆಂಬರ್‌ನ ಮೊದಲ ವಾರ ಆರು ಬದಲಾವಣೆಗಳಿಗೆ 5,400 ಕೊಟ್ಟ ಮೇಲೆ ಅವರೇ ಫೋನ್ ಮಾಡಿ ಜನವರಿಯಿಂದ ಒಪ್ಪಂದಕ್ಕೆ ಬಂದರು.

ನಿಮ್ಮ ಹಳೆಯ ಗ್ರಾಹಕರಲ್ಲಿ ಎಲ್ಲರಿಗೂ ಒಂದೇ ದಿನ ಈ ಪತ್ರ ಕಳಿಸಬೇಡಿ. ಮೊದಲು ಅತಿ ಹೆಚ್ಚು ಕೆಲಸ ಹೇಳುವ, ಆದರೆ ಹಣದ ವಿಷಯದಲ್ಲಿ ನೇರವಾಗಿರುವ ಇಬ್ಬರನ್ನು ಆರಿಸಿ ಮೂರು ತಿಂಗಳು ನಡೆಸಿ ನೋಡಿ. ಬೇಡಿಕೆಯ ವ್ಯಾಖ್ಯೆಯಲ್ಲಿ ಎಲ್ಲಿ ಬಿರುಕಿದೆ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಅದನ್ನು ತಿದ್ದಿಕೊಂಡು ಉಳಿದವರಿಗೆ ಕಳಿಸಿ. ಒಟ್ಟು ಒಪ್ಪಂದಗಳ ಗಂಟೆ ತಿಂಗಳಿಗೆ 60 ಮುಟ್ಟಿದಾಗ, ಅಂದರೆ 4,500ರ ಹತ್ತು ಒಪ್ಪಂದಗಳಾದಾಗ, ಹೊಸಬರನ್ನು ಕಾಯುವ ಪಟ್ಟಿಗೆ ಹಾಕಿ. ಉಳಿದ 40 ಗಂಟೆ ಹೊಸ ವೆಬ್‌ಸೈಟ್‌ಗಳಿಗೆ ಬೇಕಾಗುತ್ತದೆ.